ನಾಮಿನಿ ಚಿಕ್ಕಪ್ಪ, ವಾರಸುದಾರರು ನಾವು: ಅಪ್ಪನ ಷೇರು ಅಮ್ಮನ ಹೆಸರಿಗೆ ಬಂದ ಬಗೆ

ದಾವಣಗೆರೆಯ ಗೃಹ ನಿರ್ಮಾಣ ಸಹಕಾರ ಸಂಘವೊಂದರಲ್ಲಿ ಅಪ್ಪನ ಹೆಸರಿನಲ್ಲಿದ್ದ ಸದಸ್ಯತ್ವ ಮತ್ತು ಷೇರು ಪತ್ರ ಅಮ್ಮನ ಹೆಸರಿಗೆ ಬರಲು ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಕಳೆದ ತಿಂಗಳು ಎಲ್ಲ ಮುಗಿಯಿತು. ಈ ಅವಧಿಯಲ್ಲಿ ನಮಗೆ ಸಿಕ್ಕ ಸಲಹೆಗಳಲ್ಲಿ ಅರ್ಧದಷ್ಟು ಒಂದಕ್ಕೊಂದು ವಿರುದ್ಧವಾಗಿದ್ದವು. ನಾಮಿನಿಯೇ ಮಾಲೀಕ ಎಂದು ಒಬ್ಬರು ಹೇಳಿದರೆ, ನಾಮಿನಿಗೆ ಯಾವ ಬೆಲೆಯೂ ಇಲ್ಲ ಎಂದು ಇನ್ನೊಬ್ಬರು ಹೇಳಿದರು. ಎರಡೂ ನಿಜವಲ್ಲ. ಇದೇ ದಾರಿಯಲ್ಲಿ ನಡೆಯಬೇಕಾದವರಿಗೆ ಅನುಕೂಲವಾಗಲಿ ಎಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಅಪ್ಪ ತಮ್ಮ ಇಲಾಖೆಯ ನೌಕರರು ಕಟ್ಟಿಕೊಂಡಿದ್ದ ಸಂಘಕ್ಕೆ 1989ರಲ್ಲಿ ಸೇರಿದ್ದರು. ನೂರು ರೂಪಾಯಿಯ ಹತ್ತು ಷೇರುಗಳು. ಆಮೇಲೆ ಸಂಬಳದಲ್ಲಿ ಉಳಿಸಿ ಕಂತು ಕಂತಾಗಿ ನಿವೇಶನದ ಹಣ ಕಟ್ಟಿದರು. ಹದಡಿ ರಸ್ತೆಯ ಆಚೆ ಸಂಘ ಮಾಡಿದ ಬಡಾವಣೆಯಲ್ಲಿ ಅವರಿಗೆ 30x40 ಅಡಿಯ ನಿವೇಶನ ಹಂಚಿಕೆಯಾಗಿತ್ತು. ಆದರೆ ಕ್ರಯಪತ್ರ ನೋಂದಣಿಯಾಗಿರಲಿಲ್ಲ. ಬಡಾವಣೆಯ ರಸ್ತೆ, ಚರಂಡಿ, ವಿದ್ಯುತ್ ಕೆಲಸಗಳು ಮುಗಿದಂತೆಲ್ಲ ನಗರಾಭಿವೃದ್ಧಿ ಪ್ರಾಧಿಕಾರ ನಿವೇಶನಗಳನ್ನು ಹಂತ ಹಂತವಾಗಿ ಬಿಡುಗಡೆ ಮಾಡುತ್ತದೆ. ಅಪ್ಪನ ನಿವೇಶನ ಕೊನೆಯ ಹಂತದಲ್ಲಿತ್ತು. ಹೀಗಾಗಿ ಅವರು ತೀರಿಕೊಂಡಾಗ ಬೀರುವಿನಲ್ಲಿ ನಮಗೆ ಸಿಕ್ಕಿದ್ದು ಒಂದು ಷೇರು ಪತ್ರ, ಹಂಚಿಕೆ ಪತ್ರ ಮತ್ತು ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದ ರಸೀದಿಗಳ ಕಟ್ಟು ಮಾತ್ರ.

ಇಲ್ಲೇ ಒಂದು ವಿಷಯ ತಿಳಿದುಕೊಳ್ಳುವುದು ಒಳ್ಳೆಯದು. ನಿಮ್ಮ ಮನೆಯವರ ಹೆಸರಿಗೆ ಸಂಘ ಆಗಲೇ ಕ್ರಯಪತ್ರ ನೋಂದಣಿ ಮಾಡಿಕೊಟ್ಟಿದ್ದರೆ ನಿವೇಶನ ಅವರ ಸ್ವಂತ ಆಸ್ತಿ. ಅದು ವಾರಸುದಾರಿಕೆಯ ಪ್ರಕಾರ ಇಳಿದು ಬರುತ್ತದೆ, ಖಾತೆ ಬದಲಾವಣೆ ಪಾಲಿಕೆಯಲ್ಲಿ ಆಗುತ್ತದೆ, ಸಂಘದ ಷೇರು ಬರೀ ಷೇರಾಗಿ ಉಳಿಯುತ್ತದೆ. ನಮ್ಮ ಹಾಗೆ ಕ್ರಯಪತ್ರ ಬಾಕಿಯಿದ್ದರೆ ಮಾತ್ರ ಸದಸ್ಯತ್ವವೇ ಎಲ್ಲಕ್ಕೂ ಬಾಗಿಲು. ಸಂಘ ಸದಸ್ಯರಿಗೆ ಮಾತ್ರ ಕ್ರಯಪತ್ರ ಬರೆದುಕೊಡುತ್ತದೆ. ಸದಸ್ಯ ಯಾರು ಎಂಬುದು ತೀರ್ಮಾನವಾಗದೆ ಮುಂದಿನ ಹೆಜ್ಜೆಯೇ ಇಲ್ಲ.

ಮರಣ ಪ್ರಮಾಣಪತ್ರ ಹಿಡಿದು ಅಮ್ಮ ಮತ್ತು ನಾನು ಸಂಘದ ಕಚೇರಿಗೆ ಹೋದೆವು. ಕಾರ್ಯದರ್ಶಿಯವರು ಅಪ್ಪನನ್ನು ಬಲ್ಲವರು, ಕುಳ್ಳಿರಿಸಿ ಮಾತನಾಡಿಸಿದರು. ಹಳೆಯ ನಾಮನಿರ್ದೇಶನದ ಪುಸ್ತಕ ತೆಗೆದು ಪುಟ ತಿರುವಿ, ಬೆರಳಿಟ್ಟು ತೋರಿಸಿದರು. ಅಲ್ಲಿ ನಾಮಿನಿ ಎಂದು ಇದ್ದದ್ದು ನನ್ನ ಚಿಕ್ಕಪ್ಪನ ಹೆಸರು.

"ನೋಡಿ ಅಮ್ಮಾ, ಇದು ಹೀಗಿದೆ. ಅವರ ತಮ್ಮನವರು ಬಂದು ಅರ್ಜಿ ಕೊಟ್ಟರೆ ಸದಸ್ಯತ್ವ ಅವರ ಹೆಸರಿಗೆ ಹೋಗುತ್ತದೆ" ಎಂದರು.

ಅಪ್ಪ ಸಂಘಕ್ಕೆ ಸೇರಿದಾಗ ಅವರಿಗೆ ಮದುವೆಯಾಗಿರಲಿಲ್ಲ. ಅರ್ಜಿಯಲ್ಲಿ ನಾಮಿನಿ ಕಾಲಂ ತುಂಬಬೇಕಿತ್ತು, ಜೊತೆಗಿದ್ದ ತಮ್ಮನ ಹೆಸರು ಬರೆದಿದ್ದರು. ಮದುವೆ 1991ರಲ್ಲಿ. ಆಮೇಲೆ ನಾನು ಹುಟ್ಟಿದೆ, ತಂಗಿ ಹುಟ್ಟಿದಳು. ಆ ಪುಟವನ್ನು ಯಾರೂ ಮತ್ತೆ ತೆರೆದಿರಲಿಲ್ಲ. ಅಮ್ಮ ಕಚೇರಿಯಲ್ಲಿ ಒಂದು ಮಾತೂ ಆಡಲಿಲ್ಲ. ಆಟೋದಲ್ಲಿ ಬರುವಾಗ "ಮೂವತ್ತು ವರ್ಷ ಜೊತೆಗೆ ಬಾಳಿದ್ದು ಆ ಪುಸ್ತಕಕ್ಕೆ ಗೊತ್ತಾಗಲೇ ಇಲ್ಲವಲ್ಲ" ಎಂದು ಅತ್ತುಬಿಟ್ಟರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಮದುವೆಯಾದ ಕೂಡಲೇ ಹಳೆಯ ನಾಮನಿರ್ದೇಶನ ತಾನಾಗಿಯೇ ಬಿದ್ದುಹೋಗುತ್ತದೆ ಎಂದು ನಮ್ಮ ನೆಂಟರಲ್ಲಿ ಹಲವರು ಹೇಳಿದರು. ಅದು ನೌಕರರ ಭವಿಷ್ಯ ನಿಧಿಯ ನಿಯಮ. ಅಲ್ಲಿ ಕುಟುಂಬ ಇಲ್ಲದಾಗ ಬೇರೆಯವರ ಹೆಸರಿಗೆ ಮಾಡಿದ ನಾಮನಿರ್ದೇಶನ, ಕುಟುಂಬವಾದ ಮೇಲೆ ನಿಲ್ಲುವುದಿಲ್ಲ. ಸಹಕಾರ ಸಂಘದಲ್ಲಿ ಹಾಗೆ ತಾನಾಗಿ ರದ್ದಾಗುವುದಿಲ್ಲ. ಸದಸ್ಯರು ಬದಲಾಯಿಸುವವರೆಗೂ ಹಳೆಯದೇ ಪುಸ್ತಕದಲ್ಲಿ ಉಳಿಯುತ್ತದೆ.

ವಕೀಲರೊಬ್ಬರನ್ನು ಕಂಡೆವು. ಅಶೋಕ ರಸ್ತೆಯ ಒಂದು ಸಣ್ಣ ಕೋಣೆಯಲ್ಲಿ ಅವರು ಹೇಳಿದ ಮಾತು ನಮಗೆ ಮೊದಲ ಬಾರಿ ನೆಲ ಸಿಕ್ಕಂತೆ ಮಾಡಿತು. ಕಾರ್ಯದರ್ಶಿ ಹೇಳಿದ್ದು ತಪ್ಪಲ್ಲ ಎಂದೇ ಅವರು ಶುರುಮಾಡಿದರು. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ಪ್ರಕಾರ ಸದಸ್ಯ ಸತ್ತರೆ ಸಂಘ ಅವರ ಷೇರನ್ನು ನಾಮಿನಿಗೆ ವರ್ಗಾಯಿಸಬಹುದು. ನಾಮಿನಿ ಇಲ್ಲದಿದ್ದರೆ ಆಡಳಿತ ಮಂಡಳಿಗೆ ವಾರಸುದಾರ ಎಂದು ಕಂಡವರಿಗೆ ವರ್ಗಾಯಿಸಬಹುದು. ಆದರೆ ಇದು ಸಂಘ ಯಾರ ಜೊತೆ ವ್ಯವಹರಿಸಬೇಕು ಎಂಬ ಪ್ರಶ್ನೆಗೆ ಉತ್ತರ. ಆಸ್ತಿ ಯಾರದು ಎಂಬುದು ಬೇರೆಯೇ ಪ್ರಶ್ನೆ, ಅದಕ್ಕೆ ಉತ್ತರ ಉತ್ತರಾಧಿಕಾರ ಕಾನೂನಿನಲ್ಲಿದೆ. 2016ರಲ್ಲಿ ಪಶ್ಚಿಮ ಬಂಗಾಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆಯಂತೆ. ತಂದೆ ಮಗಳೊಬ್ಬಳನ್ನು ನಾಮಿನಿ ಮಾಡಿದ್ದರು. ಸಂಘ ಆಕೆಯ ಹೆಸರಿಗೆ ವರ್ಗಾಯಿಸಲೇಬೇಕು ಎಂದ ನ್ಯಾಯಾಲಯ, ಉಳಿದ ವಾರಸುದಾರರು ತಮ್ಮ ಹಕ್ಕಿಗಾಗಿ ಬೇರೆಯಾಗಿ ಹೋರಾಡಲು ಅಡ್ಡಿಯಿಲ್ಲ ಎಂದೂ ಹೇಳಿತು.

ನಮ್ಮ ವಿಷಯದಲ್ಲಿ ನಾಮಿನಿಯಾಗಿದ್ದ ಚಿಕ್ಕಪ್ಪ ವಾರಸುದಾರರೇ ಅಲ್ಲ. ನಿವೇಶನ ಅಪ್ಪನ ಸ್ವಯಾರ್ಜಿತ, ಉಯಿಲು ಬರೆದಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮೊದಲ ದರ್ಜೆಯ ವಾರಸುದಾರರು ಇರುವಾಗ ತಮ್ಮನಿಗೆ ಏನೂ ಬರುವುದಿಲ್ಲ.

ಚಿಕ್ಕಪ್ಪನಿಗೆ ಫೋನ್ ಮಾಡಲು ನನಗೆ ಎರಡು ದಿನ ಧೈರ್ಯ ಬರಲಿಲ್ಲ. ಅವರು ಜಗಳೂರು ತಾಲ್ಲೂಕಿನ ನಮ್ಮ ಊರಿನಲ್ಲಿ ಬೇಸಾಯ ಮಾಡಿಕೊಂಡಿದ್ದಾರೆ. ವಿಷಯ ಕೇಳಿದ ಮರುದಿನವೇ ಬೆಳಗಿನ ಬಸ್ಸಿಗೆ ಬಂದಿಳಿದರು. "ಅಣ್ಣ ನನ್ನ ಹೆಸರು ಬರೆದದ್ದು ನನಗೇ ಗೊತ್ತಿಲ್ಲ. ಅತ್ತಿಗೆಯ ಸೈಟು ನನಗೆ ಯಾಕವ್ವ? ಎಲ್ಲಿ ಸಹಿ ಬೇಕೋ ಹೇಳು, ಹಾಕುತ್ತೇನೆ" ಎಂದರು. ಎಲ್ಲರಿಗೂ ಇಂತಹ ಚಿಕ್ಕಪ್ಪ ಸಿಗುವುದಿಲ್ಲ ಎಂದು ನನಗೆ ಗೊತ್ತು.

ಆಗ ಸಂಘದಲ್ಲಿ ಒಬ್ಬರು ಸುಲಭದ ದಾರಿ ಸೂಚಿಸಿದರು. ಚಿಕ್ಕಪ್ಪ ನಾಮಿನಿಯಾಗಿ ಸದಸ್ಯರಾಗಲಿ, ಅವರ ಹೆಸರಿಗೆ ಕ್ರಯಪತ್ರವಾಗಲಿ, ಆಮೇಲೆ ಅವರು ಅಮ್ಮನಿಗೆ ಬರೆದುಕೊಡಲಿ. ಸಂಘದ ಕಡತಕ್ಕೆ ಇದು ನಿಜಕ್ಕೂ ಸುಲಭ. ವಕೀಲರು ಬೇಡವೇ ಬೇಡ ಎಂದರು. ಕ್ರಯಪತ್ರ ಒಮ್ಮೆ ಚಿಕ್ಕಪ್ಪನ ಹೆಸರಿಗೆ ನೋಂದಣಿಯಾದರೆ, ಅದನ್ನು ಅಮ್ಮನಿಗೆ ಮರಳಿಸಲು ಇನ್ನೊಂದು ನೋಂದಾಯಿತ ಪತ್ರ ಬೇಕು, ಅದಕ್ಕೆ ಮತ್ತೆ ಮುದ್ರಾಂಕ ಶುಲ್ಕ. ನಡುವೆ ಚಿಕ್ಕಪ್ಪನಿಗೆ ಏನಾದರೂ ಆದರೆ ಕಾಗದದ ಪ್ರಕಾರ ನಿವೇಶನ ಅವರ ಮಕ್ಕಳದ್ದಾಗಿ ಕಾಣುತ್ತದೆ. ಅವರ ಬೆಳೆ ಸಾಲದ ವಸೂಲಿಗೂ ಅದು ಸಿಕ್ಕಿಕೊಳ್ಳಬಹುದು. ಮನುಷ್ಯ ಒಳ್ಳೆಯವನಾದರೂ ಕಾಗದ ಒಳ್ಳೆಯದಾಗಿರಬೇಕು ಎಂಬುದು ಅವರ ವಾದ. ಆದ್ದರಿಂದ ಚಿಕ್ಕಪ್ಪ ಸದಸ್ಯರಾಗುವುದಕ್ಕೆ ಮುಂಚೆಯೇ ಹಿಂದೆ ಸರಿಯುವುದು, ಸಂಘ ನೇರವಾಗಿ ವಾರಸುದಾರರನ್ನು ಸೇರಿಸಿಕೊಳ್ಳುವುದು ಎಂದು ತೀರ್ಮಾನವಾಯಿತು.

ಚಿಕ್ಕಪ್ಪನಿಂದ ನೋಟರಿ ಮುಂದೆ ಪ್ರಮಾಣಪತ್ರ ಮಾಡಿಸಿದೆವು. ನಿಮಗೂ ಇದು ಬೇಕಾದರೆ, ಅದರಲ್ಲಿ ಮೂರನ್ನೂ ಹೆಸರಿಸಿ ಬರೆಸಿ: ಷೇರು, ಸಂಘದಲ್ಲಿರುವ ಠೇವಣಿ, ಹಂಚಿಕೆಯಾದ ನಿವೇಶನ. ನಾವು ಮೊದಲು ತೋರಿಸಿದ ಕರಡಿನಲ್ಲಿ ಷೇರಿನ ಉಲ್ಲೇಖ ಮಾತ್ರ ಇತ್ತು. ನಿವೇಶನಕ್ಕೆ ನಾಮಿನಿ ನಾಳೆ ಬಂದರೆ ಏನು ಮಾಡುವುದು ಎಂದು ಸಂಘದವರು ಕೇಳಿದರು. ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಚಿಕ್ಕಪ್ಪ ಕಚೇರಿಗೇ ಬಂದು ಕಾರ್ಯದರ್ಶಿಯ ಎದುರು ಇನ್ನೊಮ್ಮೆ ಸಹಿ ಮಾಡಿದ ಮೇಲೆ ಆ ವಿಷಯ ಅಲ್ಲಿಗೆ ನಿಂತಿತು.

ಇನ್ನು ವಾರಸುದಾರರು ಯಾರು ಎಂಬ ಪ್ರಶ್ನೆ. ಸಂಘದ ಅರ್ಜಿ ನಮೂನೆಯಲ್ಲಿ ಹೆಂಡತಿ, ಮಕ್ಕಳು ಎಂದು ಎರಡೇ ಸಾಲು. ನಾವು ತುಂಬಲು ಹೊರಟಾಗ ವಕೀಲರು "ನಿಮ್ಮ ಅಜ್ಜಿ ಇದ್ದಾರೆಯೇ?" ಎಂದು ಕೇಳಿದರು. ಅಪ್ಪನ ತಾಯಿ ಇದ್ದಾರೆ, ಊರಿನಲ್ಲಿ ಚಿಕ್ಕಪ್ಪನ ಜೊತೆ. ಎಂಬತ್ತು ದಾಟಿದ ಜೀವ. ಹಿಂದೂ ಗಂಡಸು ಉಯಿಲು ಬರೆಯದೆ ಸತ್ತರೆ ಅವನ ತಾಯಿಯೂ ಹೆಂಡತಿ ಮಕ್ಕಳ ಜೊತೆ ಸಮಾನ ಮೊದಲ ದರ್ಜೆಯ ವಾರಸುದಾರಳು. ತಂದೆ ಹಾಗಲ್ಲ, ಅವರು ಎರಡನೆಯ ದರ್ಜೆ. ಎಂದರೆ ಅಜ್ಜಿ, ಅಮ್ಮ, ನಾನು, ತಂಗಿ ನಾಲ್ವರಿಗೂ ತಲಾ ಕಾಲು ಪಾಲು. ತಂಗಿ ಮದುವೆಯಾಗಿ ಬಳ್ಳಾರಿಗೆ ಹೋಗಿರುವುದರಿಂದ ಅವಳ ಪಾಲಿಗೆ ಏನೂ ಕುಂದಿಲ್ಲ. ಸಂಘದ ನಮೂನೆಯಲ್ಲಿ ಕಾಲಂ ಇಲ್ಲದಿದ್ದರೂ ಅಜ್ಜಿಯ ಹೆಸರನ್ನು ಸೇರಿಸಿಯೇ ಅರ್ಜಿ ಕೊಟ್ಟೆವು.

ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕಿದಾಗಲೂ ಇದೇ ಎಚ್ಚರ ಬೇಕಾಯಿತು. ಬಹಳ ಜನ ಸತ್ತವರಿಂದ ಕೆಳಕ್ಕೆ ಮಾತ್ರ ವಂಶವೃಕ್ಷ ಬರೆಸುತ್ತಾರೆ. ಸತ್ತವರ ತಾಯಿ ಬದುಕಿದ್ದರೆ ಒಂದು ತಲೆಮಾರು ಮೇಲಿನಿಂದ ಬರೆಸಬೇಕು. ಗ್ರಾಮ ಆಡಳಿತ ಅಧಿಕಾರಿ ಮನೆಗೆ ಬಂದು ಅಕ್ಕಪಕ್ಕದವರನ್ನು ವಿಚಾರಿಸಿ ಪಂಚನಾಮೆ ಮಾಡಿಕೊಂಡು ಹೋದರು. ಅದು ಕೈಗೆ ಬರಲು ಕೆಲವು ವಾರ ಹಿಡಿಯಿತು.

ಅಷ್ಟರಲ್ಲಿ ಹೆಸರಿನ ತೊಡಕು ಎದ್ದಿತು. ಷೇರು ಪತ್ರದಲ್ಲಿ ಅಪ್ಪನ ಹೆಸರಿನ ಮುಂದೆ ಊರಿನ ಇನಿಷಿಯಲ್ ಒಂದೇ ಇತ್ತು. ಮರಣ ಪ್ರಮಾಣಪತ್ರ ಆಧಾರ್ ಪ್ರಕಾರ ಆಗಿದ್ದರಿಂದ ಅದರಲ್ಲಿ ತಾತನ ಹೆಸರಿನ ಇನಿಷಿಯಲ್ ಕೂಡ ಇತ್ತು, ಹೆಸರಿನ ಕೊನೆಗೆ ‘ಅಪ್ಪ’ ಸೇರಿತ್ತು. ವಿಳಾಸವೂ ಬೇರೆ. 1989ರ ಕಾಗದಗಳಲ್ಲಿ ದಾವಣಗೆರೆಯೂ ಜಗಳೂರೂ ಚಿತ್ರದುರ್ಗ ಜಿಲ್ಲೆಯವು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಸಂಘದಲ್ಲಿದ್ದ ಹೊಸ ಗುಮಾಸ್ತ ಇವರಿಬ್ಬರೂ ಒಬ್ಬರೇ ಎಂದು ಹೇಗೆ ನಂಬುವುದು ಎಂದು ಅರ್ಜಿ ಹಿಂದಿರುಗಿಸಿದ. ಎರಡೂ ಹೆಸರಿನ ವ್ಯಕ್ತಿ ಒಬ್ಬರೇ ಎಂದು ಅಮ್ಮ ಪ್ರಮಾಣಪತ್ರ ಮಾಡಿಸಿದರು. ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಅಪ್ಪನ ಸೇವಾ ಪುಸ್ತಕದ ಪ್ರತಿ. ಅದರಲ್ಲಿ ಹಳೆಯ ಹೆಸರು, ಹಳೆಯ ವಿಳಾಸ, ಸಂಘಕ್ಕೆ ಸಂಬಳದಿಂದ ಕಡಿತವಾದ ಕಂತಿನ ನಮೂದು ಎಲ್ಲವೂ ಇದ್ದವು. ನಿಮ್ಮ ಮನೆಯ ಹಿರಿಯರು ನೌಕರಿಯಲ್ಲಿದ್ದವರಾದರೆ ಅವರ ಕಚೇರಿಯಲ್ಲಿ ಇದರ ದೃಢೀಕೃತ ಪ್ರತಿ ಕೇಳಿ.

ಎಲ್ಲ ಕಾಗದ ಸಿದ್ಧವಾದಾಗ ತೀರ್ಮಾನ ಮಾಡುವವರೇ ಇರಲಿಲ್ಲ. ಆಡಳಿತ ಮಂಡಳಿಯ ಅವಧಿ ಮುಗಿದಿತ್ತು, ಚುನಾವಣೆ ಆಗಿರಲಿಲ್ಲ, ಸಹಕಾರ ಇಲಾಖೆಯಿಂದ ಆಡಳಿತಾಧಿಕಾರಿಯನ್ನು ನೇಮಿಸಿದ್ದರು. ಹೊಸ ಮಂಡಳಿ ಬರಲಿ, ಆಗ ನೋಡೋಣ ಎಂಬ ಉತ್ತರ. ಇಡೀ ವರ್ಷದಲ್ಲಿ ಅತಿ ಹೆಚ್ಚು ಸುಸ್ತಾದದ್ದು ಆ ತಿಂಗಳುಗಳಲ್ಲಿ. ಅಮ್ಮ ಆ ವಿಷಯ ಎತ್ತುವುದನ್ನೇ ಬಿಟ್ಟಿದ್ದರು. ಕೊನೆಗೆ ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿಗೆ ಹೋಗಿ ಲಿಖಿತವಾಗಿ ಕೇಳಿದೆವು. ಮಂಡಳಿಯ ಜಾಗದಲ್ಲಿ ಆಡಳಿತಾಧಿಕಾರಿ ಇರುವಾಗ ಮಂಡಳಿಯ ಕೆಲಸವನ್ನು ಅವರೇ ಮಾಡಬೇಕು, ಸದಸ್ಯತ್ವ ವರ್ಗಾವಣೆಯೂ ಅದರಲ್ಲಿ ಸೇರುತ್ತದೆ ಎಂದು ಅಲ್ಲಿ ಹೇಳಿದರು. ನಮ್ಮ ಅರ್ಜಿಯ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಬಿದ್ದ ಮೇಲೆ ಕಡತ ಅಲುಗಿತು. ಬಾಯಿಮಾತಿನ ನಿರಾಕರಣೆಯ ವಿರುದ್ಧ ಎಲ್ಲಿಯೂ ಹೋಗಲಾಗದು. ಸಂಘ ಆಗುವುದಿಲ್ಲ ಎಂದರೆ ಅದನ್ನು ಬರೆದುಕೊಡಲು ಕೇಳಿ. ಸಂಘ ಮತ್ತು ಸದಸ್ಯರ ಅಥವಾ ಅವರ ವಾರಸುದಾರರ ನಡುವಿನ ವಿವಾದವನ್ನು ಕಾಯ್ದೆಯ 70ನೇ ಕಲಂ ಅಡಿಯಲ್ಲಿ ನಿಬಂಧಕರ ಮುಂದೆ ಒಯ್ಯಬಹುದು. ನಾವು ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ.

ಆಕ್ಷೇಪಣೆ ಇದ್ದವರು ಹದಿನೈದು ದಿನಗಳಲ್ಲಿ ತಿಳಿಸಬೇಕು ಎಂದು ಪತ್ರಿಕೆಯಲ್ಲಿ ಪ್ರಕಟಣೆ ಕೊಡಲು ಸಂಘ ಹೇಳಿತು, ಕೊಟ್ಟೆವು. ಆಮೇಲೆ ಹಣದ ಮಾತು. ವರ್ಗಾವಣೆ ಶುಲ್ಕ ಇಪ್ಪತ್ತೈದು ಸಾವಿರ ಎಂದು ಗುಮಾಸ್ತ ಒಂದು ಚೀಟಿ ಕೊಟ್ಟ. ಉಪವಿಧಿಯ ಪುಸ್ತಕ ತೋರಿಸಿ ಎಂದು ಕೇಳಿದೆ. ಆ ಮೊತ್ತ ಸದಸ್ಯರು ಹೊರಗಿನವರಿಗೆ ಮಾರಿದಾಗ ಕಟ್ಟಬೇಕಾದದ್ದು. ಮರಣದ ನಂತರ ವಾರಸುದಾರರಿಗೆ ಆಗುವ ವರ್ಗಾವಣೆಗೆ ಪ್ರವೇಶ ಶುಲ್ಕ ಮತ್ತು ಷೇರು ವರ್ಗಾವಣೆ ಶುಲ್ಕ ಮಾತ್ರ, ಎರಡೂ ಸೇರಿ ಐನೂರು ರೂಪಾಯಿ ದಾಟಲಿಲ್ಲ. ಪ್ರತಿ ಸಂಘದ ಉಪವಿಧಿ ಬೇರೆ ಬೇರೆ, ಆದ್ದರಿಂದ ನಮ್ಮ ಮೊತ್ತವನ್ನು ಹಿಡಿದು ವಾದಿಸಬೇಡಿ. ನಿಮ್ಮ ಸಂಘದ ಉಪವಿಧಿಯ ಪ್ರತಿ ಕೇಳಿ ಪಡೆಯಿರಿ. ನಮಗೆ ನಿಜವಾಗಿ ಖರ್ಚಾದದ್ದು ಪತ್ರಿಕಾ ಪ್ರಕಟಣೆಗೆ ಮೂರು ಸಾವಿರದ ಆಸುಪಾಸು, ವಕೀಲರಿಗೆ ಎಂಟು ಸಾವಿರ, ನೋಟರಿ ಮತ್ತು ಸ್ಟಾಂಪ್ ಕಾಗದಗಳಿಗೆ ಎರಡು ಸಾವಿರದೊಳಗೆ.

ಅಮ್ಮನನ್ನು ಸದಸ್ಯರಾಗಿ ಸೇರಿಸಿಕೊಳ್ಳುವ ನಿರ್ಣಯ ಕೊನೆಗೂ ಆಯಿತು. ಹಳೆಯ ಷೇರು ಪತ್ರವನ್ನು ಸಂಘಕ್ಕೆ ಒಪ್ಪಿಸಬೇಕಿತ್ತು. ಒಪ್ಪಿಸುವ ಮುಂಚೆ ಅದರ ಎರಡೂ ಬದಿಯ ಜೆರಾಕ್ಸ್ ತೆಗೆದು ಸಂಘದ ಮುದ್ರೆ ಹಾಕಿಸಿಕೊಂಡೆವು. ನಿರ್ಣಯದ ಸಂಖ್ಯೆ, ದಿನಾಂಕ ಇರುವ ನಡಾವಳಿಯ ಪ್ರತಿಯನ್ನೂ ಪಡೆದೆವು. ಮುಂದೆ ಕ್ರಯಪತ್ರದಲ್ಲಿ ಅಪ್ಪನ ಹಂಚಿಕೆ ಅಮ್ಮನಿಗೆ ಹೇಗೆ ಬಂತು ಎಂದು ಬರೆಯುವಾಗ ಆ ಸಂಖ್ಯೆ ಬೇಕೇ ಬೇಕಾಯಿತು. ಹೊಸ ಷೇರು ಪತ್ರದ ಮೇಲೆ ತಮ್ಮ ಹೆಸರನ್ನು ಅಮ್ಮ ಎರಡು ಬಾರಿ ಓದಿದರು. ಅಪ್ಪನ ಹೆಸರು ಎಲ್ಲಿಯೂ ಇಲ್ಲವಲ್ಲ ಎಂದು ಅವರಿಗೆ ನೋವಾಯಿತು. ಹಳೆಯದರ ಜೆರಾಕ್ಸನ್ನು ಅವರೇ ತೆಗೆದಿಟ್ಟುಕೊಂಡಿದ್ದಾರೆ.

ಕೆಲಸ ಇಲ್ಲಿಗೆ ಮುಗಿಯಿತು ಎಂದು ಬಹಳ ಮನೆಗಳಲ್ಲಿ ಬಿಟ್ಟುಬಿಡುತ್ತಾರೆ. ಸಂಘಕ್ಕೆ ನಾವು ಮೂವರು ಕೊಟ್ಟ ‘ಅಮ್ಮನ ಹೆಸರಿಗೆ ಮಾಡಲು ಆಕ್ಷೇಪಣೆ ಇಲ್ಲ’ ಎಂಬ ಒಪ್ಪಿಗೆ ಪತ್ರ ಸಂಘದ ಕಡತಕ್ಕೆ ಮಾತ್ರ ಸಾಕು. ಅದರಿಂದ ನಮ್ಮ ಪಾಲು ಅಮ್ಮನಿಗೆ ಹೋದಂತಾಗುವುದಿಲ್ಲ. ನನ್ನ ಮತ್ತು ತಂಗಿಯ ಮಟ್ಟಿಗೆ ಆತುರವಿರಲಿಲ್ಲ. ಅಜ್ಜಿಯ ಪಾಲು ಹಾಗಲ್ಲ. ಅಜ್ಜಿ ಉಯಿಲು ಬರೆಯದೆ ಹೋದರೆ ಅವರ ಕಾಲು ಪಾಲು ಚಿಕ್ಕಪ್ಪನಿಗೆ, ಇಬ್ಬರು ಅತ್ತೆಯರಿಗೆ, ಅಪ್ಪನ ಪರವಾಗಿ ನನಗೆ ಮತ್ತು ತಂಗಿಗೆ ಹಂಚಿಹೋಗುತ್ತದೆ. ಮುಂದೆ ಮನೆ ಕಟ್ಟಲು ಸಾಲ ಕೇಳಿದರೆ ಬ್ಯಾಂಕು ಅಷ್ಟೂ ಜನರ ಸಹಿ ಕೇಳುತ್ತದೆ.

ಇದನ್ನು ಅಜ್ಜಿಗೆ ಸಹಿ ಹಾಕು ಎಂದು ಕಾಗದ ಮುಂದೊಡ್ಡಿ ಮುಗಿಸಲು ನನಗೆ ಮನಸ್ಸಾಗಲಿಲ್ಲ. ಊರಿಗೆ ಹೋಗಿ, ಅತ್ತೆಯರನ್ನೂ ಕರೆಸಿ, ಎಲ್ಲರ ಎದುರಿಗೆ ಹೇಳಿದೆ: "ಅಜ್ಜಿ, ಅಪ್ಪನ ಸೈಟಿನಲ್ಲಿ ನಿನಗೆ ಕಾಲು ಭಾಗ ಬರುತ್ತದೆ. ಇಟ್ಟುಕೊಳ್ಳುತ್ತೀಯೋ, ಸೊಸೆಗೆ ಬಿಡುತ್ತೀಯೋ, ನಿನ್ನಿಷ್ಟ." ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು. "ಮಗನ ಆಸ್ತಿ ತಿನ್ನುವ ಕಾಲ ನನಗೆ ಬರಬಾರದಿತ್ತು" ಎಂದರು. ಆಮೇಲೆ, ಸೊಸೆಗೇ ಇರಲಿ, ಆದರೆ ನಾನೇ ಬಂದು ಹೆಬ್ಬೆಟ್ಟು ಒತ್ತುತ್ತೇನೆ ಎಂದರು.

ಸಂಘ ಅಮ್ಮನಿಗೆ ಕ್ರಯಪತ್ರ ಬರೆದುಕೊಟ್ಟ ದಿನವೇ ಅಜ್ಜಿ, ನಾನು, ತಂಗಿ ಹಕ್ಕು ಬಿಡುಗಡೆ ಪತ್ರವನ್ನೂ ನೋಂದಣಿ ಮಾಡಿಸಿದೆವು. ಕಾವೇರಿ ತಂತ್ರಾಂಶದಲ್ಲಿ ಎರಡಕ್ಕೂ ಮೊದಲೇ ಸಮಯ ಕಾಯ್ದಿರಿಸಿಕೊಂಡಿದ್ದೆವು. ಬಿಡುಗಡೆ ಪತ್ರದ ಮುದ್ರಾಂಕ ಶುಲ್ಕ ಬಿಡುವವರಿಗೂ ಪಡೆಯುವವರಿಗೂ ಇರುವ ಸಂಬಂಧದ ಮೇಲೆ ನಿಲ್ಲುತ್ತದೆ. ಆದ್ದರಿಂದ ಕರಡು ತೆಗೆದುಕೊಂಡು ಹೋಗಿ ಉಪನೋಂದಣಿ ಕಚೇರಿಯಲ್ಲಿ ಮೊದಲೇ ಲೆಕ್ಕ ಹಾಕಿಸಿಕೊಳ್ಳಿ. ಹಾಸಿಗೆ ಹಿಡಿದವರಿದ್ದರೆ ಅಧಿಕಾರಿ ಮನೆಗೆ ಬಂದು ನೋಂದಣಿ ಮಾಡಲು ಕಾನೂನಿನಲ್ಲಿ ಅವಕಾಶವಿದೆ, ಕಾರಣ ಬರೆದು ಅರ್ಜಿ ಕೊಟ್ಟು ಶುಲ್ಕ ಕಟ್ಟಬೇಕು. ಅಜ್ಜಿ ಚಿಕ್ಕಪ್ಪನ ತೋಳು ಹಿಡಿದು ನಡೆದೇ ಬಂದರು. ಬೆರಳಚ್ಚಿನ ಯಂತ್ರಕ್ಕೆ ಅವರ ಸವೆದ ಹೆಬ್ಬೆರಳು ಬೇಗ ಸಿಗಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ಒತ್ತಿಸಿದ ಮೇಲೆ ಸಿಕ್ಕಿತು.

ಮರುವಾರ ಅಮ್ಮ ಸಂಘಕ್ಕೆ ಹೋಗಿ ತಮ್ಮ ನಾಮನಿರ್ದೇಶನದ ಅರ್ಜಿ ಕೊಟ್ಟರು. ನನ್ನ ಮತ್ತು ತಂಗಿಯ ಹೆಸರು, ತಲಾ ಅರ್ಧ, ಇಬ್ಬರು ಸಾಕ್ಷಿಗಳ ಸಹಿ. ಅರ್ಜಿ ಕೊಟ್ಟರೆ ಸಾಲದು, ಅದು ನಾಮನಿರ್ದೇಶನದ ಪುಸ್ತಕದಲ್ಲಿ ಏರಬೇಕು. ಕಾರ್ಯದರ್ಶಿ ನಮ್ಮೆದುರೇ ನಮೂದಿಸಿ, ನಮ್ಮ ಪ್ರತಿಯ ಮೇಲೆ ಪುಟ ಸಂಖ್ಯೆ ಬರೆದು ಸಹಿ ಮಾಡಿಕೊಟ್ಟರು. ಈಗ ಪಾಲಿಕೆಯಲ್ಲಿ ಇ-ಖಾತೆಗೆ ಅರ್ಜಿ ಹಾಕಿದ್ದೇವೆ. ಅದಕ್ಕೆ ಕ್ರಯಪತ್ರ, ಬಿಡುಗಡೆ ಪತ್ರ ಎರಡನ್ನೂ ಒಟ್ಟಿಗೇ ಕೊಟ್ಟಿದ್ದೇವೆ.